ಕಣ್ಣಿಗೆ ಸಿಗದ ಮಾರುಕಟ್ಟೆ ಪೋರ್ಟ್‌ಫೋಲಿಯೊ ಮತ್ತು ಸಿಎಪಿಎಂ ಪರೀಕ್ಷೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಣಕಾಸು ಶಾಸ್ತ್ರದ ಪಠ್ಯಗಳಲ್ಲಿ ಆಸ್ತಿಯೊಂದರ ಅಪಾಯಕ್ಕೆ ತಕ್ಕ ಪ್ರತಿಫಲ ಎಷ್ಟೆಂದು ಹೇಳುವ ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್, ಅಂದರೆ ಸಿಎಪಿಎಂ, ಬಂದ ಕೂಡಲೇ ಅದರ ಬೆನ್ನಿಗೇ ರಿಚರ್ಡ್ ರೋಲ್ ಅವರು 1977ರಲ್ಲಿ ಎತ್ತಿದ ಆಕ್ಷೇಪವೂ ಒಂದೆರಡು ಸಾಲುಗಳಲ್ಲಿ ಬಂದುಹೋಗುತ್ತದೆ. ಸಿದ್ಧಾಂತ ಹೇಳುವ ಮಾರುಕಟ್ಟೆ ಪೋರ್ಟ್‌ಫೋಲಿಯೊ ಕಣ್ಣಿಗೆ ಸಿಗದ ಕಾರಣ ಅದನ್ನು ಸರಿಯಾಗಿ ಪರೀಕ್ಷಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ ಎಂಬುದು ಆ ಆಕ್ಷೇಪ. ಆ ಸಾಲುಗಳನ್ನು ಓದಿದವರಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಬಿಡಿಸಿ ಉತ್ತರಿಸಲಾಗಿದೆ. ಬೀಟಾ, ಸಹಸಂಬಂಧ, ಮಾನಕ ವಿಚಲನೆ ಎಂಬ ಪದಗಳ ಪರಿಚಯ ಓದುಗರಿಗೆ ಇದೆ ಎಂದು ಭಾವಿಸಿದ್ದೇನೆ. ಮಧ್ಯದಲ್ಲಿ ಬರುವ ಲೆಕ್ಕವನ್ನು ಕಾಗದ, ಪೆನ್ನು ಹಿಡಿದು ಜೊತೆಯಲ್ಲೇ ಮಾಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ.

## ಸಿಎಪಿಎಂ ಹೇಳುವ ‘ಮಾರುಕಟ್ಟೆ’ ಯಾವುದು? ಸೆನ್ಸೆಕ್ಸ್, ನಿಫ್ಟಿ ಅಥವಾ ಎಸ್ ಅಂಡ್ ಪಿ 500 ಅಲ್ಲವೇ?

ಅಲ್ಲ. 1964ರಲ್ಲಿ ವಿಲಿಯಂ ಶಾರ್ಪ್, 1965ರಲ್ಲಿ ಜಾನ್ ಲಿಂಟ್ನರ್ ಮತ್ತು 1966ರಲ್ಲಿ ಯಾನ್ ಮೋಸಿನ್ ಪ್ರಕಟಿಸಿದ ಸಿದ್ಧಾಂತದ ಸೂತ್ರ ಹೀಗಿದೆ:

E(Ri) = Rf + βi [E(Rm) − Rf]

ಇಲ್ಲಿ E(Ri) ಒಂದು ಆಸ್ತಿಯ ನಿರೀಕ್ಷಿತ ಪ್ರತಿಫಲ, Rf ಅಪಾಯರಹಿತ ದರ, βi ಆ ಆಸ್ತಿಯ ಬೀಟಾ, Rm ಎಂಬುದು ಮಾರುಕಟ್ಟೆ ಪೋರ್ಟ್‌ಫೋಲಿಯೊದ ಪ್ರತಿಫಲ. ಹೂಡಿಕೆದಾರರು ಹೊಂದಿರುವ ಅಪಾಯವುಳ್ಳ ಆಸ್ತಿಗಳೆಲ್ಲವನ್ನೂ ಅವುಗಳ ಒಟ್ಟು ಮೌಲ್ಯದ ಪ್ರಮಾಣದಲ್ಲೇ ಸೇರಿಸಿದಾಗ ಸಿಗುವುದು ಆ ಪೋರ್ಟ್‌ಫೋಲಿಯೊ. ಸಿದ್ಧಾಂತದ ತರ್ಕ ನಿಂತಿರುವುದೇ ಈ ‘ಎಲ್ಲವೂ’ ಎಂಬುದರ ಮೇಲೆ. ಎಲ್ಲರೂ ಒಂದೇ ನಿರೀಕ್ಷೆ ಇಟ್ಟುಕೊಂಡು, ಅಪಾಯಕ್ಕೆ ತಕ್ಕ ಅತ್ಯುತ್ತಮ ಪ್ರತಿಫಲ ಕೊಡುವ ಒಂದೇ ಪೋರ್ಟ್‌ಫೋಲಿಯೊವನ್ನು ಬಯಸುತ್ತಾರೆ ಎಂದಾದರೆ, ಅವರೆಲ್ಲರ ಕೈಯಲ್ಲಿರುವುದನ್ನು ಕೂಡಿಸಿದಾಗ ಬರುವ ಮೊತ್ತವೂ ಅದೇ ಪೋರ್ಟ್‌ಫೋಲಿಯೊ ಆಗಿರಲೇಬೇಕು, ಏಕೆಂದರೆ ಇರುವ ಪ್ರತಿಯೊಂದು ಆಸ್ತಿಯೂ ಯಾರಾದರೊಬ್ಬರ ಕೈಯಲ್ಲಿರಲೇಬೇಕು. ಷೇರುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಕ್ಷಣವೇ ಈ ತರ್ಕ ಮುರಿಯುತ್ತದೆ. ಷೇರುಗಳ ಮೊತ್ತವೊಂದೇ ಅಂಥ ಅತ್ಯುತ್ತಮ, ಅಂದರೆ ದಕ್ಷ, ಪೋರ್ಟ್‌ಫೋಲಿಯೊ ಆಗಿರಬೇಕೆಂದು ಸಿದ್ಧಾಂತ ಎಲ್ಲೂ ಹೇಳುವುದಿಲ್ಲ.

ಹಾಗಾಗಿ ಆ ಪಟ್ಟಿಯಲ್ಲಿ ಬಾಂಡ್‌ಗಳು, ಮನೆಗಳು, ಜಮೀನು, ಚಿನ್ನ, ಷೇರುಪೇಟೆಗೆ ಬಾರದ ಖಾಸಗಿ ಉದ್ಯಮಗಳು, ಬೇರೆ ದೇಶಗಳ ಆಸ್ತಿಗಳು, ಇವೆಲ್ಲಕ್ಕಿಂತ ಮಿಗಿಲಾಗಿ ದುಡಿಯುವ ಜನರ ಮುಂದಿನ ಗಳಿಕೆ ಇರಬೇಕು. ಈ ಕೊನೆಯದನ್ನೇ ಅರ್ಥಶಾಸ್ತ್ರಜ್ಞರು ಮಾನವ ಬಂಡವಾಳ ಎನ್ನುತ್ತಾರೆ.

## ಎಲ್ಲ ಆಸ್ತಿಗಳ ಪಟ್ಟಿ ಮಾಡಿ ಮೌಲ್ಯ ಕಟ್ಟಿದರೆ ಆಯಿತಲ್ಲ? ಅದು ಶ್ರಮದ ಕೆಲಸವಿರಬಹುದು, ಅಸಾಧ್ಯ ಹೇಗೆ?

ಮಾನವ ಬಂಡವಾಳದ ಬಳಿ ಬಂದಾಗ ಅದು ಶ್ರಮದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಾಳಿನ ಸಂಬಳದ ಹಕ್ಕನ್ನು ಇಂದು ಮಾರುವ ಪೇಟೆ ಇಲ್ಲ. ದುಡಿಮೆಯನ್ನು ಜೀವನಪೂರ್ತಿ ಅಡವಿಡುವುದನ್ನು ಕಾನೂನು ಒಪ್ಪುವುದಿಲ್ಲ, ಒಪ್ಪಿದರೂ ಮಾರಿಬಿಟ್ಟ ಮೇಲೆ ಮೊದಲಿನಷ್ಟೇ ಶ್ರದ್ಧೆಯಿಂದ ದುಡಿಯುತ್ತಾರೆಂಬ ಭರವಸೆ ಕೊಳ್ಳುವವರಿಗೆ ಇರುವುದಿಲ್ಲ. ವ್ಯವಹಾರವೇ ನಡೆಯದಿದ್ದಾಗ ಬೆಲೆಯೂ ಇಲ್ಲ. ಬೆಲೆ ಇಲ್ಲದಿದ್ದರೆ ತಿಂಗಳಿಂದ ತಿಂಗಳಿಗೆ ಅದು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಪ್ರತಿಫಲದ ಸರಣಿಯೂ ಇಲ್ಲ. ಬೀಟಾ ಲೆಕ್ಕ ಹಾಕಲು ಬೇಕಾದದ್ದು ಆ ಸರಣಿಯೇ.

ಮುಂದಿನ ಸಂಬಳಗಳನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಲೆಕ್ಕ ಹಾಕಬಹುದಲ್ಲ ಎಂದು ಕೇಳಬಹುದು. ವರ್ಷಕ್ಕೆ 10 ಲಕ್ಷ ರೂಪಾಯಿ ಗಳಿಸುವ, ಇನ್ನೂ 30 ವರ್ಷ ದುಡಿಯಲಿರುವ ಒಬ್ಬರನ್ನು ತೆಗೆದುಕೊಳ್ಳಿ. ಸರಳತೆಗಾಗಿ ಸಂಬಳ ಏರುವುದಿಲ್ಲ ಎಂದುಕೊಳ್ಳೋಣ. ಶೇ 6ರ ದರದಲ್ಲಿ ಇಳಿಸಿದರೆ ಅವರ ಮಾನವ ಬಂಡವಾಳ ಸುಮಾರು 1.38 ಕೋಟಿ ರೂಪಾಯಿ, ಶೇ 10ರ ದರದಲ್ಲಿ ಸುಮಾರು 94 ಲಕ್ಷ. ಯಾವ ದರ ಸರಿ? ಆ ಗಳಿಕೆಯ ಅಪಾಯಕ್ಕೆ ತಕ್ಕ ದರವೇ ಸರಿ. ಅಪಾಯಕ್ಕೆ ತಕ್ಕ ದರ ಎಷ್ಟೆಂದು ಹೇಳಬೇಕಾದ್ದು ಸಿಎಪಿಎಂ. ಆದರೆ ಸಿಎಪಿಎಂ ಅದನ್ನು ಹೇಳಬೇಕಾದರೆ ಮಾರುಕಟ್ಟೆ ಪೋರ್ಟ್‌ಫೋಲಿಯೊ ಮೊದಲೇ ಗೊತ್ತಿರಬೇಕು, ಆ ಪೋರ್ಟ್‌ಫೋಲಿಯೊದ ದೊಡ್ಡ ಪಾಲೇ ನಾವು ಅಳೆಯಲು ಹೊರಟಿರುವ ಈ ಮಾನವ ಬಂಡವಾಳ. ಪರೀಕ್ಷಿಸಬೇಕಾದ ಸಿದ್ಧಾಂತವನ್ನು ನಿಜವೆಂದು ಒಪ್ಪಿಕೊಂಡೇ ಪರೀಕ್ಷೆಯ ಸಾಮಗ್ರಿಯನ್ನು ಸಿದ್ಧಪಡಿಸಬೇಕಾದ ಸ್ಥಿತಿ ಇದು.

ಈ ಪಾಲು ಕಡೆಗಣಿಸುವಷ್ಟು ಚಿಕ್ಕದೂ ಅಲ್ಲ. ಅಮೆರಿಕದಲ್ಲಿ 1959ರಿಂದ 1992ರವರೆಗೆ ಜನರ ಒಟ್ಟು ವೈಯಕ್ತಿಕ ಆದಾಯದಲ್ಲಿ ಷೇರುಗಳ ಡಿವಿಡೆಂಡ್ ಶೇ 3ರ ಆಸುಪಾಸಿನಲ್ಲಿತ್ತು, ಸಂಬಳ ಮತ್ತು ಕೂಲಿ ಸುಮಾರು ಶೇ 63ರಷ್ಟಿತ್ತು. ಆದಾಯದ ಪಾಲೇ ಸಂಪತ್ತಿನ ಪಾಲಲ್ಲ, ನಿಜ. ಆದರೂ ಷೇರು ಸೂಚ್ಯಂಕವೊಂದನ್ನೇ ಹಿಡಿದಾಗ ಎಷ್ಟು ದೊಡ್ಡ ಭಾಗ ಹೊರಗುಳಿಯುತ್ತದೆ ಎಂಬುದರ ಅಂದಾಜು ಇದರಿಂದ ಸಿಗುತ್ತದೆ.

## ಮನೆ, ಜಮೀನಿಗೆ ಬೆಲೆ ಇದೆಯಲ್ಲ? ಅವುಗಳನ್ನಾದರೂ ಸೇರಿಸಬಹುದಲ್ಲವೇ?

ಬೆಲೆ ಇದೆ, ಆದರೆ ಬೇಕಾದ ಹೊತ್ತಿಗೆ ಇಲ್ಲ. ಒಂದು ಮನೆ ಹತ್ತು, ಇಪ್ಪತ್ತು ವರ್ಷಗಳಿಗೊಮ್ಮೆ ಮಾರಾಟವಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಇರುವುದು ಮೌಲ್ಯಮಾಪಕರ ಅಂದಾಜು ಅಥವಾ ಹಳೆಯ ವ್ಯವಹಾರಗಳ ಸರಾಸರಿಯಿಂದ ಕಟ್ಟಿದ ಸೂಚ್ಯಂಕ. ಅಂದಾಜು ಮಾಡುವವರು ಕಳೆದ ಬಾರಿಯ ಬೆಲೆಯನ್ನು ನೋಡಿಯೇ ಈ ಬಾರಿಯದನ್ನು ಹೇಳುವುದರಿಂದ ಏರಿಳಿತ ಮಟ್ಟಸವಾಗಿಬಿಡುತ್ತದೆ.

ಇದರ ಪರಿಣಾಮ ಬೀಟಾದ ಮೇಲೆ ನೇರವಾಗಿ ಆಗುತ್ತದೆ. ಸೂಚ್ಯಂಕ ತೋರಿಸುವ ಪ್ರತಿಫಲ ಈ ತಿಂಗಳ ನಿಜವಾದ ಪ್ರತಿಫಲದ ಅರ್ಧ ಮತ್ತು ಹಿಂದಿನ ತಿಂಗಳದ ಅರ್ಧ ಸೇರಿ ಆದದ್ದು ಎಂದುಕೊಳ್ಳಿ. ತಿಂಗಳಿಂದ ತಿಂಗಳಿಗೆ ಪ್ರತಿಫಲಗಳಿಗೆ ಸಂಬಂಧವಿಲ್ಲದಿದ್ದರೆ, ಷೇರುಗಳೊಂದಿಗೆ ಅದೇ ತಿಂಗಳು ಅಳೆದ ಬೀಟಾ ನಿಜವಾದುದರ ಅರ್ಧಕ್ಕೆ ಇಳಿಯುತ್ತದೆ, ಮಾನಕ ವಿಚಲನೆಯ ವರ್ಗವಾದ ವೇರಿಯನ್ಸ್ ಕೂಡ ಅರ್ಧವಾಗುತ್ತದೆ. ಅಂದರೆ ಮನೆಯ ಆಸ್ತಿ ಇರುವುದಕ್ಕಿಂತ ಹೆಚ್ಚು ಸುರಕ್ಷಿತವೆಂಬಂತೆ ಅಂಕಿಗಳಲ್ಲಿ ಕಾಣುತ್ತದೆ. ಸೂಚ್ಯಂಕದ ಪ್ರತಿಫಲ ಹಿಂದಿನ ತಿಂಗಳಿನ ತನ್ನದೇ ಪ್ರತಿಫಲದೊಂದಿಗೆ ಗಟ್ಟಿಯಾದ ಸಹಸಂಬಂಧ ತೋರಿಸುತ್ತಿದ್ದರೆ ಈ ದೋಷ ಇದೆ ಎಂದು ಶಂಕಿಸಬೇಕು.

ಇದಲ್ಲದೆ ಯಾವ ಆಸ್ತಿಗೆ ಎಷ್ಟು ಪಾಲು ಎಂಬ ತೂಕಗಳ ಪ್ರಶ್ನೆಯೂ ಇದೆ. ಒಂದು ಕಂಪನಿ ಇನ್ನೊಂದರ ಷೇರು ಹೊಂದಿದ್ದರೆ ಅದೇ ಆಸ್ತಿ ಎರಡು ಸಲ ಎಣಿಕೆಗೆ ಬರುತ್ತದೆ. ಸರ್ಕಾರದ ಬಾಂಡ್ ಕೊಂಡವರಿಗೆ ಅದು ಆಸ್ತಿ, ಮುಂದೆ ತೆರಿಗೆ ಕಟ್ಟಬೇಕಾದವರಿಗೆ ಸಾಲ. ಹಾಗಾದರೆ ಅದನ್ನು ಒಟ್ಟು ಸಂಪತ್ತಿನಲ್ಲಿ ಸೇರಿಸಬೇಕೋ ಬೇಡವೋ ಎಂಬುದು ಅರ್ಥಶಾಸ್ತ್ರದಲ್ಲಿ ಇನ್ನೂ ಒಮ್ಮತವಿಲ್ಲದ ವಿಷಯ.

## ರಿಚರ್ಡ್ ರೋಲ್ ಹೇಳಿದ್ದು ನಿಖರವಾಗಿ ಏನು?

ಮಾರುಕಟ್ಟೆ ಪೋರ್ಟ್‌ಫೋಲಿಯೊ ಕಾಣುವುದಿಲ್ಲ ಎಂಬುದಷ್ಟೇ ಅವರ ಮಾತಾಗಿದ್ದರೆ ಅದು ಇಷ್ಟು ಗಂಭೀರವಾಗುತ್ತಿರಲಿಲ್ಲ. ಅವರು ಅದನ್ನು ಒಂದು ಗಣಿತದ ಸತ್ಯದ ಜೊತೆ ಸೇರಿಸಿದರು. ಯಾವುದೇ ಆಸ್ತಿಗಳ ಗುಂಪಿನಲ್ಲಿ, ಅಪಾಯದ ಪ್ರತಿ ಘಟಕಕ್ಕೆ ಅತಿ ಹೆಚ್ಚು ಹೆಚ್ಚುವರಿ ಪ್ರತಿಫಲ, ಅಂದರೆ ಅಪಾಯರಹಿತ ದರವನ್ನು ಮೀರಿದ ಪ್ರತಿಫಲ, ಕೊಡುವ ಪೋರ್ಟ್‌ಫೋಲಿಯೊವನ್ನು ಹಿಡಿದು ಬೀಟಾ ಅಳೆದರೆ, ಆ ಗುಂಪಿನ ಎಲ್ಲ ಆಸ್ತಿಗಳ ನಿರೀಕ್ಷಿತ ಪ್ರತಿಫಲವೂ ಬೀಟಾದೊಂದಿಗೆ ಒಂದೇ ನೇರ ರೇಖೆಯ ಮೇಲೆ ಕೂರುತ್ತದೆ. ಹೂಡಿಕೆದಾರರು ಹೇಗೆ ವರ್ತಿಸುತ್ತಾರೆ, ಪೇಟೆ ಸಮತೋಲನದಲ್ಲಿದೆಯೇ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ವಿರುದ್ಧವಾಗಿ, ಬೀಟಾ ಅಳೆಯಲು ಹಿಡಿದ ಪೋರ್ಟ್‌ಫೋಲಿಯೊ ದಕ್ಷವಲ್ಲದಿದ್ದರೆ ಎಲ್ಲ ಆಸ್ತಿಗಳೂ ಆ ರೇಖೆಯ ಮೇಲೆ ಕೂರಲು ಸಾಧ್ಯವೇ ಇಲ್ಲ.

ಕಾರಣ ಸರಳವಾಗಿದೆ. ಒಂದು ಆಸ್ತಿಯ ಹೆಚ್ಚುವರಿ ಪ್ರತಿಫಲವನ್ನು, ಅದು ಪೋರ್ಟ್‌ಫೋಲಿಯೊದೊಂದಿಗೆ ಹೊಂದಿರುವ ಕೋವೇರಿಯನ್ಸಿನಿಂದ ಭಾಗಿಸಿ. ಕೋವೇರಿಯನ್ಸ್ ಎಂದರೆ ಎರಡರ ನಡುವಿನ ಸಹಸಂಬಂಧವನ್ನು ಎರಡರ ಮಾನಕ ವಿಚಲನೆಗಳಿಂದಲೂ ಗುಣಿಸಿದಾಗ ಬರುವ ಸಂಖ್ಯೆ. ಒಂದು ಆಸ್ತಿಗೆ ಈ ಅನುಪಾತ ಇನ್ನೊಂದಕ್ಕಿಂತ ಹೆಚ್ಚಿದ್ದರೆ, ಎರಡನೆಯದರಿಂದ ಸ್ವಲ್ಪ ಹಣ ತೆಗೆದು ಮೊದಲನೆಯದಕ್ಕೆ ಹಾಕಿ ಪೋರ್ಟ್‌ಫೋಲಿಯೊವನ್ನು ಉತ್ತಮಪಡಿಸಬಹುದು. ಇನ್ನು ಉತ್ತಮಪಡಿಸಲು ಏನೂ ಉಳಿದಿಲ್ಲ ಎಂದರೆ ಎಲ್ಲ ಆಸ್ತಿಗಳಿಗೂ ಆ ಅನುಪಾತ ಒಂದೇ ಆಗಿದೆ ಎಂದೇ ಅರ್ಥ. ಸಿಎಪಿಎಂ ಸೂತ್ರವೆಂದು ನಾವು ಬರೆಯುವುದು ಈ ಸಮಾನತೆಯನ್ನೇ.

ಹೀಗಾಗಿ ಸಿಎಪಿಎಂನಲ್ಲಿ ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆ ಒಂದೇ ಒಂದು: ನಿಜವಾದ ಮಾರುಕಟ್ಟೆ ಪೋರ್ಟ್‌ಫೋಲಿಯೊ ದಕ್ಷವಾಗಿದೆ ಎಂಬುದು. ಪ್ರತಿಫಲ ಮತ್ತು ಬೀಟಾದ ಸಂಬಂಧ ನೇರ ರೇಖೆಯಾಗಿದೆ, ಅದರ ಇಳಿಜಾರು ಧನಾತ್ಮಕವಾಗಿದೆ ಎಂಬ ಮಾತುಗಳೆಲ್ಲ ಅದರಿಂದಲೇ ಹುಟ್ಟುವಂಥವು, ಬೇರೆಯಾಗಿ ಪರೀಕ್ಷಿಸಲು ಅವುಗಳಲ್ಲಿ ಏನೂ ಇಲ್ಲ. ಆ ಪೋರ್ಟ್‌ಫೋಲಿಯೊ ಕಾಣುವುದಿಲ್ಲವಾದ್ದರಿಂದ ಅದರ ಸ್ಥಾನದಲ್ಲಿ ಬಳಸಿದ ಸೂಚ್ಯಂಕ ದಕ್ಷವೇ ಅಲ್ಲವೇ ಎಂಬುದನ್ನು ಮಾತ್ರ ನಾವು ಪರೀಕ್ಷಿಸುತ್ತಿದ್ದೇವೆ.

ರೋಲ್ ಸಿಎಪಿಎಂ ಸುಳ್ಳೆಂದು ಸಾಧಿಸಿದರು ಎಂದು ಬರೆಯುವವರಿದ್ದಾರೆ. ಅದು ತಪ್ಪು. ಅಲ್ಲಿಯವರೆಗೆ ಅದರ ಸರಿಯಾದ ಪರೀಕ್ಷೆ ನಡೆದಿಲ್ಲ, ಮುಂದೆ ನಡೆಯುವ ಸಾಧ್ಯತೆಯೂ ತೀರ ಕಡಿಮೆ ಎಂಬುದು ಅವರ ವಾದ.

## ಸಿದ್ಧಾಂತ ನಿಜವಿದ್ದೂ ಪರೀಕ್ಷೆಯಲ್ಲಿ ಸೋಲುವುದು ಹೇಗೆ? ಒಂದು ಲೆಕ್ಕ ತೋರಿಸಬಹುದೇ?

ಮೂರೇ ಆಸ್ತಿಗಳಿರುವ ಒಂದು ಲೋಕವನ್ನು ಕಲ್ಪಿಸಿಕೊಳ್ಳೋಣ. A ಮತ್ತು B ಎರಡು ಷೇರುಗಳು, H ಮಾನವ ಬಂಡವಾಳ. ಒಟ್ಟು ಸಂಪತ್ತಿನಲ್ಲಿ A ಶೇ 20, B ಶೇ 20, H ಶೇ 60. ಮಾನಕ ವಿಚಲನೆ A ಮತ್ತು Bಗೆ ತಲಾ ಶೇ 20, Hಗೆ ಶೇ 10. A ಮತ್ತು B ನಡುವಿನ ಸಹಸಂಬಂಧ 0.5, A ಮತ್ತು H ನಡುವೆಯೂ 0.5, B ಮತ್ತು H ನಡುವೆ ಸೊನ್ನೆ. A ಎಂಬುದು ಜನರ ಸಂಬಳ ಕುಸಿದಾಗ ತಾನೂ ಕುಸಿಯುವ ಕಂಪನಿಯ ಷೇರು, Bಗೆ ಸಂಬಳದ ಏರಿಳಿತ ತಟ್ಟುವುದಿಲ್ಲ ಎಂದು ಇದನ್ನು ಓದಿಕೊಳ್ಳಬಹುದು. ಅಪಾಯರಹಿತ ದರ ಶೇ 6.

ನಿಜವಾದ ಮಾರುಕಟ್ಟೆ Mನೊಂದಿಗೆ Aಯ ಕೋವೇರಿಯನ್ಸ್:

0.2 × 400 + 0.2 × 200 + 0.6 × 100 = 180

ಇದೇ ರೀತಿ Bಯದು 120, Hದು 80, Mನ ವೇರಿಯನ್ಸ್ 108. ಈ ಲೋಕದಲ್ಲಿ ಸಿಎಪಿಎಂ ಅಕ್ಷರಶಃ ನಿಜ, ಮಾರುಕಟ್ಟೆಯ ಹೆಚ್ಚುವರಿ ಪ್ರತಿಫಲ ಶೇ 5.4 ಎಂದು ಇಟ್ಟುಕೊಳ್ಳೋಣ. ಆಗ ಹೆಚ್ಚುವರಿ ಪ್ರತಿಫಲ Aಗೆ 5.4 × 180 / 108, ಅಂದರೆ ಶೇ 9, Bಗೆ ಶೇ 6, Hಗೆ ಶೇ 4 ಆಗುತ್ತದೆ. ಮೂರಕ್ಕೂ ಪ್ರತಿಫಲವನ್ನು ಕೋವೇರಿಯನ್ಸಿನಿಂದ ಭಾಗಿಸಿದರೆ ಬರುವುದು ಒಂದೇ ಸಂಖ್ಯೆ, 0.05.

ಈಗ ಒಬ್ಬ ಸಂಶೋಧಕರು ಬರುತ್ತಾರೆ. ಅವರಿಗೆ H ಕಾಣುವುದಿಲ್ಲ. ಷೇರುಪೇಟೆಯಲ್ಲಿ A ಮತ್ತು Bಯ ಮೌಲ್ಯ ಸಮವಾಗಿರುವುದರಿಂದ ಅರ್ಧ A, ಅರ್ಧ B ಇರುವ ಸೂಚ್ಯಂಕ Pಯನ್ನು ಮಾರುಕಟ್ಟೆ ಎಂದು ಹಿಡಿಯುತ್ತಾರೆ. Pಯೊಂದಿಗೆ Aಯ ಕೋವೇರಿಯನ್ಸ್ 0.5 × 400 + 0.5 × 200 = 300, Bಯದೂ 300, Pಯ ವೇರಿಯನ್ಸ್ ಕೂಡ 300. ಹಾಗಾಗಿ ಎರಡೂ ಷೇರುಗಳ ಬೀಟಾ ಸರಿಯಾಗಿ 1. ಸಿಎಪಿಎಂ ಪ್ರಕಾರ ಎರಡಕ್ಕೂ ಸಿಗಬೇಕಾದ ಹೆಚ್ಚುವರಿ ಪ್ರತಿಫಲ ಶೇ 7.5. ಆದರೆ A ಕೊಡುತ್ತಿರುವುದು ಶೇ 9, B ಕೊಡುತ್ತಿರುವುದು ಶೇ 6. ಸೂತ್ರ ಹೇಳುವುದಕ್ಕೂ ನಿಜವಾಗಿ ಸಿಗುವುದಕ್ಕೂ ಇರುವ ಈ ವ್ಯತ್ಯಾಸವೇ ಆಲ್ಫಾ. ಒಂದಕ್ಕೆ ಶೇ 1.5ರ ಧನಾತ್ಮಕ ಆಲ್ಫಾ, ಇನ್ನೊಂದಕ್ಕೆ ಅಷ್ಟೇ ಋಣಾತ್ಮಕ ಆಲ್ಫಾ. ಬೀಟಾ ಒಂದೇ ಇದ್ದರೂ ಪ್ರತಿಫಲದಲ್ಲಿ ಶೇ 3ರ ಅಂತರವಿದೆ, ಆದ್ದರಿಂದ ಬೀಟಾಗೆ ಏನೂ ಅರ್ಥವಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಎಷ್ಟು ವರ್ಷಗಳ ದತ್ತಾಂಶ ಸಿಕ್ಕರೂ ಈ ತೀರ್ಮಾನ ಬದಲಾಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಅಂದಾಜಿನಲ್ಲಲ್ಲ.

## ಇದೇ ಲೆಕ್ಕದಲ್ಲಿ ಪರೀಕ್ಷೆ ಪಾಸಾಗುವಂತೆಯೂ ಮಾಡಬಹುದೇ?

ಮಾಡಬಹುದು. ಇನ್ನೊಬ್ಬರು ಶೇ 80 A, ಶೇ 20 B ಇರುವ ಸೂಚ್ಯಂಕ Qಅನ್ನು ಬಳಸಿದರು ಎನ್ನಿ. Qನೊಂದಿಗೆ Aಯ ಕೋವೇರಿಯನ್ಸ್ 360, Bಯದು 240, Qನ ವೇರಿಯನ್ಸ್ 336, ಅದರ ಹೆಚ್ಚುವರಿ ಪ್ರತಿಫಲ ಶೇ 8.4. Aಯ ಬೀಟಾ ಸುಮಾರು 1.07, Bಯದು ಸುಮಾರು 0.71. ಇವನ್ನು 8.4ರಿಂದ ಗುಣಿಸಿದರೆ ಸರಿಯಾಗಿ ಶೇ 9 ಮತ್ತು ಶೇ 6 ಬರುತ್ತದೆ. ಆಲ್ಫಾ ಎರಡಕ್ಕೂ ಸೊನ್ನೆ.

ಆದರೆ Q ಸಿಎಪಿಎಂ ಹೇಳುವ ಮಾರುಕಟ್ಟೆಯಲ್ಲ. ಅದರಲ್ಲಿ H ಇಲ್ಲ, Aಗೂ Bಗೂ ಇರಬೇಕಾದ ಸಮಪಾಲೂ ಇಲ್ಲ. A ಮತ್ತು B ಎರಡನ್ನೇ ಬೆರೆಸಿ ಮಾಡಬಹುದಾದ ಅತ್ಯಂತ ದಕ್ಷ ಪೋರ್ಟ್‌ಫೋಲಿಯೊ ಅದಾಗಿರುವುದರಿಂದ ಮಾತ್ರ ರೇಖೆ ಕೂಡಿಬಂತು. ಸಿಎಪಿಎಂ ಸಂಪೂರ್ಣ ಸುಳ್ಳಾಗಿರುವ ಲೋಕದಲ್ಲೂ ಇಂಥದೊಂದು Q ಇದ್ದೇ ಇರುತ್ತದೆ. ಕೈಯಲ್ಲಿರುವ ದತ್ತಾಂಶದ ಸರಾಸರಿಗಳನ್ನೇ ನಿರೀಕ್ಷಿತ ಪ್ರತಿಫಲವೆಂದು ಬಳಸಿದಾಗಲೂ ಹೀಗೆಯೇ: ಆ ಅವಧಿಯಲ್ಲಿ ಅತ್ಯುತ್ತಮವಾಗಿ ಕಂಡ ಪೋರ್ಟ್‌ಫೋಲಿಯೊವನ್ನು ಹಿಂದಿರುಗಿ ನೋಡಿ ಆರಿಸಿಕೊಂಡರೆ ಆಲ್ಫಾಗಳೆಲ್ಲ ತಾವಾಗಿಯೇ ಅಳಿಸಿಹೋಗುತ್ತವೆ. ಅದರಿಂದ ಸಿದ್ಧಾಂತಕ್ಕೆ ಯಾವ ಬೆಂಬಲವೂ ಸಿಗುವುದಿಲ್ಲ.

## ದೊಡ್ಡ ಸೂಚ್ಯಂಕಗಳೆಲ್ಲ ಒಟ್ಟಿಗೇ ಏರುತ್ತವೆ, ಇಳಿಯುತ್ತವೆ. ಸಹಸಂಬಂಧ ಅಷ್ಟು ಹೆಚ್ಚಿರುವಾಗ ಯಾವುದನ್ನು ಬಳಸಿದರೇನು?

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇಲಿನ ಲೆಕ್ಕದಲ್ಲಿ P ಮತ್ತು Q ನಡುವಿನ ಸಹಸಂಬಂಧ ಸುಮಾರು 0.945. ನಕ್ಷೆಯಲ್ಲಿ ಎರಡನ್ನೂ ಬಿಡಿಸಿದರೆ ಬೇರ್ಪಡಿಸಿ ನೋಡುವುದೇ ಕಷ್ಟ. ಆದರೂ ಒಂದು ಸಿಎಪಿಎಂ ಅನ್ನು ತಿರಸ್ಕರಿಸುತ್ತದೆ, ಇನ್ನೊಂದು ಲವಲೇಶವೂ ತಪ್ಪಿಲ್ಲದೆ ಒಪ್ಪುತ್ತದೆ.

ಇದು ಕಾಗದದ ಮೇಲಿನ ವಿಚಿತ್ರ ಮಾತ್ರವಲ್ಲ. ಫಿಷರ್ ಬ್ಲ್ಯಾಕ್, ಮೈಕಲ್ ಜೆನ್ಸನ್ ಮತ್ತು ಮೈರನ್ ಶೋಲ್ಸ್ 1972ರಲ್ಲಿ ನ್ಯೂಯಾರ್ಕ್ ಷೇರುಪೇಟೆಯ ಷೇರುಗಳ ಸಮತೂಕ ಸೂಚ್ಯಂಕ ಬಳಸಿ, ಬೀಟಾ ಮತ್ತು ಪ್ರತಿಫಲದ ರೇಖೆ ಶಾರ್ಪ್ ಮತ್ತು ಲಿಂಟ್ನರ್ ಹೇಳಿದ್ದಕ್ಕಿಂತ ಚಪ್ಪಟೆಯಾಗಿದೆ ಎಂದು ಕಂಡುಕೊಂಡಿದ್ದರು. ಅವರು ಬಳಸಿದ ಸೂಚ್ಯಂಕದೊಂದಿಗೆ 0.895ರಷ್ಟು ಸಹಸಂಬಂಧವಿರುವ, ಆದರೆ ಅದೇ ಅಂಕಿಅಂಶಗಳಲ್ಲಿ ಶಾರ್ಪ್ ಮತ್ತು ಲಿಂಟ್ನರ್ ಅವರ ಸೂತ್ರವನ್ನು ಪೂರ್ತಿಯಾಗಿ ಎತ್ತಿಹಿಡಿಯುವ ಇನ್ನೊಂದು ಪೋರ್ಟ್‌ಫೋಲಿಯೊ ಇದೆ ಎಂದು ರೋಲ್ ತೋರಿಸಿದರು. ಸಮತೂಕವೆಂದರೆ ಪ್ರತಿ ಕಂಪನಿಗೂ ಒಂದೇ ಪಾಲು. ಷೇರುಗಳೊಳಗೂ ಅದು ಸಿದ್ಧಾಂತ ಕೇಳುವ ತೂಕವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಸಹಸಂಬಂಧ ನಮ್ಮನ್ನು ದಾರಿತಪ್ಪಿಸಲು ಕಾರಣವೊಂದಿದೆ. ಎರಡು ಪೋರ್ಟ್‌ಫೋಲಿಯೊಗಳು ತಿಂಗಳುಗಟ್ಟಲೆ ಹೇಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಅದು ಅಳೆಯುತ್ತದೆ. ಆಲ್ಫಾ ಹುಟ್ಟುವುದಾದರೂ ಆ ಏರಿಳಿತದಲ್ಲಿ ಹಂಚಿಕೊಳ್ಳದೆ ಉಳಿದ ಚಿಕ್ಕ ಭಾಗದಿಂದ, ಮತ್ತು ಒಂದೊಂದು ಷೇರು ಆ ಚಿಕ್ಕ ಭಾಗಕ್ಕೆ ಎಷ್ಟು ಅಂಟಿಕೊಂಡಿದೆ ಎಂಬುದರಿಂದ. ಸಾಮಾನ್ಯ ರಿಗ್ರೆಷನ್ ಬಳಸಿ ರೇಖೆ ಎಳೆದಾಗ ಇದು ಇನ್ನೂ ತೀವ್ರವಾಗುತ್ತದೆ. ದಕ್ಷ ಪೋರ್ಟ್‌ಫೋಲಿಯೊಗಳ ಗಡಿಗೆ ಹತ್ತಿರವೇ ಇರುವ ಸೂಚ್ಯಂಕದಿಂದ ಅಳೆದರೂ ಬೀಟಾ ಮತ್ತು ಪ್ರತಿಫಲದ ನಡುವೆ ಸಂಬಂಧವೇ ಇಲ್ಲವೆಂದು ಕಾಣಬಹುದು ಎಂದು ರೋಲ್ ಮತ್ತು ಸ್ಟೀಫನ್ ರಾಸ್ 1994ರಲ್ಲಿ ತೋರಿಸಿದರು. 1992ರಲ್ಲಿ ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ ಅವರು ಬೀಟಾ ಮತ್ತು ಸರಾಸರಿ ಪ್ರತಿಫಲದ ರೇಖೆ ಹೆಚ್ಚುಕಡಿಮೆ ಚಪ್ಪಟೆಯಾಗಿದೆ ಎಂದು ಪ್ರಕಟಿಸಿ ದೊಡ್ಡ ಚರ್ಚೆ ಎದ್ದಿದ್ದ ಹೊತ್ತಿನಲ್ಲಿ ಬಂದ ಉತ್ತರ ಅದು.

## ಸೂಚ್ಯಂಕವನ್ನು ವಿಸ್ತರಿಸಿ ನೋಡಿದವರು ಯಾರೂ ಇಲ್ಲವೇ?

ಇದ್ದಾರೆ. ರಾಬರ್ಟ್ ಸ್ಟಾಂಬೊ 1982ರಲ್ಲಿ ಅಮೆರಿಕದ ಷೇರುಗಳ ಜೊತೆಗೆ ಬಾಂಡ್, ಮನೆ, ಕಾರು ಮತ್ತು ಪೀಠೋಪಕರಣಗಳಂಥ ಬಾಳಿಕೆಯ ವಸ್ತುಗಳನ್ನೂ ಸೇರಿಸಿ ಬೇರೆ ಬೇರೆ ಸೂಚ್ಯಂಕಗಳನ್ನು ಕಟ್ಟಿದರು. ಷೇರುಗಳ ಪಾಲನ್ನು ಶೇ 10ಕ್ಕೆ ಇಳಿಸಿದಾಗಲೂ ಪರೀಕ್ಷೆಯ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಇದನ್ನು ರೋಲ್ ಅವರ ಆಕ್ಷೇಪಕ್ಕೆ ಸಮಾಧಾನವೆಂದು ಕೆಲವರು ಓದುತ್ತಾರೆ. ನನಗೆ ಅದು ಅರ್ಧ ಸಮಾಧಾನವೆಂದೇ ಅನಿಸುತ್ತದೆ. ಸೇರಿಸಿದ ಆಸ್ತಿಗಳ ಅಂಕಿಗಳಲ್ಲಿ ಏರಿಳಿತ ಕಡಿಮೆ ಇದ್ದುದರಿಂದ, ತೂಕ ಕಡಿಮೆಯಾದರೂ ಸೂಚ್ಯಂಕದ ಚಲನೆಯನ್ನು ಷೇರುಗಳೇ ನಿರ್ಧರಿಸುತ್ತಿದ್ದವು. ಜೊತೆಗೆ ಮಾನವ ಬಂಡವಾಳ ಹೊರಗೇ ಉಳಿದಿತ್ತು.

ಅದನ್ನು ಒಳತಂದವರು ರವಿ ಜಗನ್ನಾಥನ್ ಮತ್ತು ಝೆನ್ಯು ವಾಂಗ್. 1996ರ ತಮ್ಮ ಪ್ರಬಂಧದಲ್ಲಿ ಅವರು ಒಬ್ಬೊಬ್ಬರ ಸರಾಸರಿ ದುಡಿಮೆಯ ಆದಾಯ ಎಷ್ಟು ಬೆಳೆಯಿತು ಎಂಬುದನ್ನೇ ಮಾನವ ಬಂಡವಾಳದ ಪ್ರತಿಫಲದ ಅಳತೆಯಾಗಿ ಬಳಸಿದರು. ಷೇರುಗಳನ್ನು ಗಾತ್ರ ಮತ್ತು ಬೀಟಾ ನೋಡಿ 100 ಗುಂಪುಗಳಾಗಿ ವಿಂಗಡಿಸಿದಾಗ, ಸಾಮಾನ್ಯ ಸಿಎಪಿಎಂ ಅವುಗಳ ಸರಾಸರಿ ಪ್ರತಿಫಲದ ವ್ಯತ್ಯಾಸದಲ್ಲಿ ಸುಮಾರು ಶೇ 1ನ್ನು ಮಾತ್ರ ವಿವರಿಸುತ್ತಿತ್ತು. ಬೀಟಾ ಕಾಲಕ್ಕೆ ತಕ್ಕಂತೆ ಬದಲಾಗಲು ಬಿಟ್ಟಾಗ ಅದು ಸುಮಾರು ಶೇ 30ಕ್ಕೆ ಏರಿತು, ದುಡಿಮೆಯ ಆದಾಯವನ್ನೂ ಸೇರಿಸಿದಾಗ ಶೇ 50ನ್ನು ದಾಟಿತು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದಾಯದ ಬೆಳವಣಿಗೆಯೇ ಮಾನವ ಬಂಡವಾಳದ ಪ್ರತಿಫಲವಾಗಬೇಕಾದರೆ ಮುಂದಿನ ಗಳಿಕೆಯನ್ನು ಇಳಿಸುವ ದರ ಎಂದೂ ಬದಲಾಗಬಾರದು. ನಮ್ಮ 1.38 ಕೋಟಿ ಮತ್ತು 94 ಲಕ್ಷದ ಅಂತರ ಹುಟ್ಟಿದ್ದು ಆ ದರದಿಂದಲೇ ಎಂಬುದನ್ನು ನೆನೆದರೆ ಈ ಊಹೆ ಎಷ್ಟು ಭಾರ ಹೊತ್ತಿದೆ ಎಂಬುದು ತಿಳಿಯುತ್ತದೆ. ಅಲ್ಲದೆ ಗಾತ್ರದಂಥ ಗುಣ ನೋಡಿ ವಿಂಗಡಿಸಿದ ಗುಂಪುಗಳ ಪ್ರತಿಫಲಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ, ಅವುಗಳ ಮೇಲೆ ಇಂಥ ದೊಡ್ಡ ಶೇಕಡಾವಾರು ಪಡೆಯುವುದು ತೋರುವಷ್ಟು ಕಷ್ಟವಲ್ಲ. ಜೊನಾಥನ್ ಲೆವೆಲನ್, ಸ್ಟೆಫಾನ್ ನಾಗೆಲ್ ಮತ್ತು ಜೇ ಶಾಂಕೆನ್ 2010ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ.

## ಹಾಗಾದರೆ ಸಿಎಪಿಎಂ ಪರೀಕ್ಷೆ ಸಾಧ್ಯವೇ ಇಲ್ಲ ಎಂದು ಕೈಬಿಡಬೇಕೇ?

ಪೂರ್ತಿಯಾಗಿ ಕೈಬಿಡಬೇಕಿಲ್ಲ. ಶಾಂಕೆನ್ 1987ರಲ್ಲಿ ಒಂದು ದಾರಿ ತೋರಿಸಿದರು, ಈ ವಿಷಯದಲ್ಲಿ ಬಂದ ಕೆಲಸಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸುವುದು ಅದೇ. ಸಿಎಪಿಎಂ ನಿಜವೇ ಸುಳ್ಳೇ ಎಂದು ನೇರವಾಗಿ ಕೇಳುವ ಬದಲು, ಅದು ನಿಜವಾಗಿರಬೇಕಾದರೆ ನಮ್ಮ ಸೂಚ್ಯಂಕ ನಿಜವಾದ ಮಾರುಕಟ್ಟೆಯಿಂದ ಎಷ್ಟು ದೂರ ಇರಬೇಕಾಗುತ್ತದೆ ಎಂದು ಅವರು ಕೇಳಿದರು.

ನಮ್ಮ ಲೆಕ್ಕದಲ್ಲೇ ಇದನ್ನು ನೋಡಬಹುದು. ಹೆಚ್ಚುವರಿ ಪ್ರತಿಫಲವನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಶಾರ್ಪ್ ಅನುಪಾತ ಸಿಗುತ್ತದೆ. ಅದು Pಗೆ 0.433, Qಗೆ 0.458. ನಿಜವಾದ ಮಾರುಕಟ್ಟೆ ದಕ್ಷವಾಗಿದ್ದರೆ, Pಗೂ ಅದಕ್ಕೂ ಇರುವ ಸಹಸಂಬಂಧ ಅವೆರಡರ ಶಾರ್ಪ್ ಅನುಪಾತಗಳ ಭಾಗಲಬ್ಧಕ್ಕೆ ಸಮ ಎಂಬುದು ಗಣಿತದ ನಿಯಮ. ಮಾರುಕಟ್ಟೆಯ ಅನುಪಾತ ನಮಗೆ ಗೊತ್ತಿಲ್ಲ, ಆದರೆ ದಕ್ಷವಾದದ್ದು Qಗಿಂತ ಕಡಿಮೆ ಇರಲಾರದು. ಆದ್ದರಿಂದ ಸಹಸಂಬಂಧ 0.433 / 0.458, ಅಂದರೆ ಸುಮಾರು 0.945ನ್ನು ಮೀರುವಂತಿಲ್ಲ. P ನಿಜವಾದ ಮಾರುಕಟ್ಟೆಗೆ 0.95ಕ್ಕಿಂತ ಹೆಚ್ಚು ಹತ್ತಿರವಿದೆ ಎಂದು ನಂಬುವವರು ಸಿಎಪಿಎಂ ಅನ್ನು ತಿರಸ್ಕರಿಸಲೇಬೇಕು. ಅಷ್ಟು ಹತ್ತಿರವಿಲ್ಲ ಎನ್ನುವವರಿಗೆ ಆ ಒತ್ತಾಯವಿಲ್ಲ. ನಾವು ಕಟ್ಟಿದ ಲೋಕದಲ್ಲಿ ನಿಜವಾದ ಸಹಸಂಬಂಧ 0.833 ಮಾತ್ರ, ಹಾಗಾಗಿ ತಿರಸ್ಕರಿಸದವರ ಮಾತೇ ಅಲ್ಲಿ ಸರಿ.

ಶಾಂಕೆನ್ ಅಮೆರಿಕದ ಸಮತೂಕ ಷೇರು ಸೂಚ್ಯಂಕ ಮತ್ತು ದೀರ್ಘಾವಧಿ ಸರ್ಕಾರಿ ಬಾಂಡ್ ಸೂಚ್ಯಂಕ ಎರಡನ್ನೂ ಸೇರಿಸಿ ಬಳಸಿದರು. ಸಿಎಪಿಎಂ ಸುಳ್ಳು, ಇಲ್ಲವೇ ಈ ಎರಡು ಸೂಚ್ಯಂಕಗಳು ಸೇರಿ ನಿಜವಾದ ಮಾರುಕಟ್ಟೆಯ ಏರಿಳಿತದಲ್ಲಿ ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಡಿದಿವೆ ಎಂಬುದು ಅವರ ತೀರ್ಮಾನ. ಎರಡರಲ್ಲಿ ಯಾವುದನ್ನು ಆರಿಸುವುದು ಎಂಬುದು ಕಾಣದ ಆಸ್ತಿಗಳು ಷೇರುಪೇಟೆಯೊಂದಿಗೆ ಎಷ್ಟು ಹೊಂದಿಕೊಂಡು ಚಲಿಸುತ್ತವೆ ಎಂಬ ನಮ್ಮ ನಂಬಿಕೆಗೆ ಬಿಟ್ಟದ್ದು. ಆ ನಂಬಿಕೆಯನ್ನು ಮುಚ್ಚಿಡದೆ ಒಂದು ಸಂಖ್ಯೆಯಾಗಿ ಎದುರಿಗಿಡುವುದೇ ಈ ವಿಧಾನದ ಗುಣ.

## ಭಾರತದ ಅಂಕಿಅಂಶಗಳ ಮೇಲೆ ನಿಫ್ಟಿ ಬಳಸಿ ಪರೀಕ್ಷೆ ಮಾಡಿದರೆ ಪರಿಸ್ಥಿತಿ ಹೇಗಿರುತ್ತದೆ?

ಇಲ್ಲಿ ಅಂತರ ಇನ್ನೂ ದೊಡ್ಡದು. ಭಾರತೀಯ ಕುಟುಂಬಗಳ ಹಣಕಾಸಿನ ಬಗ್ಗೆ ರಿಸರ್ವ್ ಬ್ಯಾಂಕ್ ರಚಿಸಿದ್ದ, ತರುಣ್ ರಾಮದೊರೈ ಅಧ್ಯಕ್ಷತೆಯ ಸಮಿತಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಸರಾಸರಿ ಕುಟುಂಬದ ಸಂಪತ್ತಿನಲ್ಲಿ ಶೇ 84 ಮನೆ, ಜಮೀನು ಮತ್ತಿತರ ಭೌತಿಕ ಆಸ್ತಿ, ಶೇ 11 ಚಿನ್ನ. ಉಳಿದ ಶೇ 5ರಲ್ಲಿ ಬ್ಯಾಂಕ್ ಠೇವಣಿ, ವಿಮೆ, ಷೇರು ಎಲ್ಲವೂ ಸೇರಿವೆ. ಈ ಲೆಕ್ಕದಲ್ಲಿ ಮಾನವ ಬಂಡವಾಳ ಇಲ್ಲವೇ ಇಲ್ಲ.

ಚಿನ್ನಕ್ಕೆ ಪ್ರತಿದಿನ ಬೆಲೆ ಸಿಗುತ್ತದೆ, ಆದರೆ ಮನೆಗಳಲ್ಲಿ ಒಟ್ಟು ಎಷ್ಟು ಇದೆ ಎಂಬ ತೂಕ ಅಂದಾಜಿನದು. ಜಮೀನಿನ ವಿಷಯದಲ್ಲಿ ಬೆಲೆಯೂ ಗಟ್ಟಿಯಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಾಗುವ ಮೊತ್ತ ಅನೇಕ ಸಲ ಸರ್ಕಾರದ ಮಾರ್ಗಸೂಚಿ ದರಕ್ಕೆ ಹೊಂದಿಸಿ ಬರೆದದ್ದಾಗಿರುತ್ತದೆ, ಆ ದರವಾದರೂ ಪರಿಷ್ಕರಣೆಯಾದಾಗ ಮಾತ್ರ ಜಿಗಿಯುತ್ತದೆ. ಅದರಿಂದ ತಿಂಗಳ ಪ್ರತಿಫಲ ತೆಗೆದರೆ, ಮಟ್ಟಸವಾದ ಅಂಕಿಗಳ ಬಗ್ಗೆ ಮೇಲೆ ಹೇಳಿದ ದೋಷ ಇನ್ನೂ ಬಲವಾಗಿ ಎದುರಾಗುತ್ತದೆ. ಹೀಗಿರುವಾಗ ನಿಫ್ಟಿ 50 ಅಥವಾ ನಿಫ್ಟಿ 500 ಬಳಸಿ ‘ಭಾರತದಲ್ಲಿ ಸಿಎಪಿಎಂ ಅನ್ವಯಿಸುವುದಿಲ್ಲ’ ಎಂದು ಬರೆಯುವ ಪ್ರಬಂಧ ನಿಜವಾಗಿ ತೋರಿಸಿರುವುದು, ಆ ಸೂಚ್ಯಂಕ ಆಯ್ದ ಷೇರುಗಳ ಗುಂಪಿನಲ್ಲಿ ದಕ್ಷವಲ್ಲ ಎಂಬುದನ್ನು. ಅದು ಕೂಡ ತಿಳಿಯಬೇಕಾದ ಸಂಗತಿಯೇ, ಆದರೆ ಶೀರ್ಷಿಕೆ ಹೇಳುವ ಸಂಗತಿ ಬೇರೆ.

## ಮ್ಯೂಚುವಲ್ ಫಂಡ್‌ಗಳ ಆಲ್ಫಾ ಕೂಡ ಇದರಿಂದ ಅರ್ಥ ಕಳೆದುಕೊಳ್ಳುತ್ತದೆಯೇ?

ಯಾವ ಅರ್ಥದಲ್ಲಿ ಬಳಸುತ್ತೇವೆ ಎಂಬುದರ ಮೇಲೆ ನಿಂತಿದೆ. ರೋಲ್ 1978ರಲ್ಲಿ ಈ ಪ್ರಶ್ನೆಯನ್ನೂ ಎತ್ತಿಕೊಂಡು, ಸೂಚ್ಯಂಕ ಬದಲಾಯಿಸಿದರೆ ಫಂಡ್‌ಗಳ ಶ್ರೇಯಾಂಕವೇ ತಿರುವುಮುರುವಾಗಬಹುದು ಎಂದು ತೋರಿಸಿದರು. ನಮ್ಮ ಲೆಕ್ಕದಲ್ಲಿ Aಯನ್ನೇ ಹೊಂದಿದ ಫಂಡ್ ವ್ಯವಸ್ಥಾಪಕರು Pಯ ಎದುರು ವರ್ಷಕ್ಕೆ ಶೇ 1.5 ಆಲ್ಫಾ ತೋರಿಸುತ್ತಾರೆ, Qನ ಎದುರು ಅವರ ಆಲ್ಫಾ ಸೊನ್ನೆ, Mನ ಎದುರೂ ಸೊನ್ನೆ. ಅವರಲ್ಲಿ ಯಾವ ವಿಶೇಷ ಕೌಶಲವೂ ಇಲ್ಲ. ಸಂಬಳಗಳು ಕುಸಿಯುವ ಹೊತ್ತಿಗೇ ತಾನೂ ಕುಸಿಯುವ ಷೇರನ್ನು ಹೊತ್ತುಕೊಂಡಿದ್ದಕ್ಕೆ ಸಿಗುತ್ತಿರುವ ಪ್ರತಿಫಲ ಅದು, P ಆ ಅಪಾಯವನ್ನು ಕಾಣುವುದಿಲ್ಲ ಅಷ್ಟೇ.

ಅದೇ ಸೂಚ್ಯಂಕವನ್ನು ಕಡಿಮೆ ಖರ್ಚಿನಲ್ಲಿ ಕೊಳ್ಳುವ ಬದಲು ಈ ಫಂಡ್ ಕೊಂಡದ್ದರಿಂದ ಏನು ಸಿಕ್ಕಿತು ಎಂದು ಅಳೆಯುವುದಾದರೆ ಆಲ್ಫಾ ಉಪಯುಕ್ತ ಅಳತೆಯೇ, ಏಕೆಂದರೆ ಆಗ ಸೂಚ್ಯಂಕ ಇನ್ನಾವುದರದೋ ಬದಲಿಯಾಗಿ ನಿಂತಿಲ್ಲ. ಆ ಸಂಖ್ಯೆಯನ್ನು ಅಪಾಯಕ್ಕೆ ತಕ್ಕ ಪ್ರತಿಫಲವನ್ನು ಮೀರಿ ಗಳಿಸಿದ್ದು ಎಂದು ಓದುವವರು ಮಾತ್ರ, ಯಾವ ಅಪಾಯ, ಯಾರ ಸಂಪತ್ತಿನ ಎದುರು ಅಳೆದದ್ದು ಎಂದು ಕೇಳಿಕೊಳ್ಳಬೇಕಾಗುತ್ತದೆ. ತನ್ನ ಸಂಬಳವೂ ಹೂಡಿಕೆಯೂ ಒಂದೇ ಉದ್ಯಮದ ಏಳುಬೀಳಿಗೆ ಕಟ್ಟಿಬಿದ್ದಿರುವ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗೆ ಐಟಿ ಷೇರುಗಳ ಫಂಡಿನಲ್ಲಿರುವ ಅಪಾಯ, ಆ ಫಂಡಿನ ಮಾಹಿತಿ ಪತ್ರದಲ್ಲಿ ಮುದ್ರಿತವಾದ ಬೀಟಾ ಹೇಳುವುದಕ್ಕಿಂತ ಹೆಚ್ಚಾಗಿರುತ್ತದೆ.